ಮೂವತ್ಮೂರನೆಯ ಮನೆಯಿಂದ ಎರಡನೆಯ ಮನೆಗೆ

ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಇದ್ದ ಮನೆಯಲ್ಲಿ ಬೆಳೆದವರಿಗೆ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಮೊದಲ ಲೆವೆಲ್‌ನ ಟ್ಯೂನ್ ಮರೆತಿರಲಾರದು. ಆಡುತ್ತಿದ್ದ ಹುಡುಗರಿಗಷ್ಟೇ ಅಲ್ಲ, ಪಕ್ಕದ ಕೋಣೆಯಲ್ಲಿ ಕೂತು ಬೈಯುತ್ತಿದ್ದ ಹಿರಿಯರಿಗೂ ಅದು ಬಾಯಿಪಾಠವಾಗಿತ್ತು. ಆದರೆ ಆ ಟ್ಯೂನ್ ಎಲ್ಲಿ ಮುಗಿಯುತ್ತದೆ ಎಂದು ಕೇಳಿದರೆ ಥಟ್ಟನೆ ಹೇಳುವವರು ಕಡಿಮೆ. ಮುಗಿಯುವ ಜಾಗವೊಂದು ಇದೆ. ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ಅದು ಬರುತ್ತದೆ, ಆದರೆ ಕಿವಿಗೆ ಬೀಳುವುದಿಲ್ಲ.

ಸಿನಿಮಾ ಸಂಗೀತ ಮಾಡುವವರಿಗೆ ದೃಶ್ಯ ಎಷ್ಟು ಸೆಕೆಂಡಿನದೆಂದು ಗೊತ್ತಿರುತ್ತದೆ. ಆಟದ ಸಂಗೀತಗಾರರಿಗೆ ಆ ಅನುಕೂಲವಿಲ್ಲ. ಒಬ್ಬ ಲೆವೆಲನ್ನು ಅರ್ಧ ನಿಮಿಷದಲ್ಲಿ ದಾಟುತ್ತಾನೆ, ಇನ್ನೊಬ್ಬ ಒಂದೇ ಹಳ್ಳದ ಮುಂದೆ ನಿಂತು ಹೆದರುತ್ತಾನೆ. ಹಾಗಾಗಿ ಸಂಗೀತ ಸುತ್ತುತ್ತಲೇ ಇರಬೇಕು. ಸುತ್ತು ಕೂಡುವ ಜಾಗದಲ್ಲಿ ಸಣ್ಣದೊಂದು ಎಡವು ಇದ್ದರೂ ಅದೇ ಎಡವು ಹತ್ತಾರು ಬಾರಿ ಕೇಳಿಸುತ್ತದೆ. ಮೂರನೆಯ ಸಲದ ಹೊತ್ತಿಗೆ ಕಿವಿ ಅದಕ್ಕಾಗಿ ಕಾಯತೊಡಗುತ್ತದೆ, ಆಟ ಹಿಂದೆ ಸರಿಯುತ್ತದೆ.

ಶುರುವಿನಲ್ಲಿ ಈ ಸುತ್ತು ತೀರಾ ಚಿಕ್ಕದಾಗಿತ್ತು. 1978ರಲ್ಲಿ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಇಳಿಯುವ ನಾಲ್ಕು ಸ್ವರಗಳು ಮಾತ್ರ ಮತ್ತೆ ಮತ್ತೆ ಬರುತ್ತಿದ್ದವು, ಶತ್ರುಗಳು ಕಡಿಮೆಯಾದಂತೆ ವೇಗ ಹೆಚ್ಚುತ್ತಿತ್ತು. ನಾಲ್ಕೇ ಸ್ವರದ ಸುತ್ತಿನಲ್ಲಿ ಬಚ್ಚಿಡಲು ಏನೂ ಇಲ್ಲ, ಅಲ್ಲಿ ಪುನರಾವರ್ತನೆಯೇ ಸಂಗೀತ. ಒಂದು ಪೂರ್ತಿ ಹಾಡನ್ನು ಸುತ್ತಿಸಬೇಕಾದಾಗ ನಿಜವಾದ ತೊಡಕು ಎದುರಾಯಿತು.

1985ರ ಮಾರಿಯೋಗೆ ಸಂಗೀತ ಮಾಡಿದ ಕೋಜಿ ಕೊಂಡೊ ಅದನ್ನು ಬಿಡಿಸಿದ ರೀತಿ ಆಟದ ಪ್ರೋಗ್ರಾಮಿನಲ್ಲೇ ಕಾಣುತ್ತದೆ. ಆ ಕ್ಯಾಸೆಟ್ಟಿನಲ್ಲಿ ಚಿತ್ರವೂ ಸೇರಿ ಇದ್ದದ್ದು 40 ಕಿಲೋಬೈಟ್ ಜಾಗ. ರೆಕಾರ್ಡ್ ಮಾಡಿದ ಹಾಡಿಗೆ ಅಲ್ಲಿ ಎಡೆಯಿಲ್ಲ. ಇಟ್ಟದ್ದು ಸ್ವರಲಿಪಿಯನ್ನು ಮಾತ್ರ: ಯಾವ ಸ್ವರ, ಎಷ್ಟು ಹೊತ್ತು. ಅದನ್ನು ಓದಿ ನುಡಿಸುವುದು ಯಂತ್ರದೊಳಗಿನ ಚಿಪ್‌ನ ಕೆಲಸ. ಮೊದಲ ಲೆವೆಲ್‌ನ ಟ್ಯೂನ್ ಹತ್ತು ತುಣುಕುಗಳಾಗಿ ಒಡೆದಿದೆ. ಅವನ್ನು ಯಾವ ಕ್ರಮದಲ್ಲಿ ನುಡಿಸಬೇಕೆಂಬ ಪಟ್ಟಿಯಲ್ಲಿ ಮೂವತ್ಮೂರು ಮನೆಗಳಿವೆ. ಒಂದೇ ತುಣುಕು ಹಲವು ಮನೆಗಳಲ್ಲಿ ಬರುತ್ತದೆ, ಹಾಗಾಗಿ ಜಾಗ ಉಳಿಯುತ್ತದೆ.

ಮೊದಲ ಮನೆಯಲ್ಲಿರುವುದು ಎಲ್ಲರಿಗೂ ಗೊತ್ತಿರುವ ಆ ಏಳು ಸ್ವರಗಳ ಎತ್ತುಗಡೆ. ಮೂವತ್ಮೂರನೆಯ ಮನೆ ಮುಗಿದಾಗ ಪ್ರೋಗ್ರಾಮು ಮೊದಲನೆಯದಕ್ಕೆ ಹೋಗುವುದಿಲ್ಲ, ಎರಡನೆಯದಕ್ಕೆ ಹೋಗುತ್ತದೆ. ಎತ್ತುಗಡೆಯ ಕೆಲಸ ‘ಶುರುವಾಯಿತು’ ಎಂದು ಹೇಳುವುದು. ಸುತ್ತು ಕೂಡುವಾಗಲೆಲ್ಲ ಅದು ಬಂದರೆ ಗುಟ್ಟು ರಟ್ಟಾದಂತೆ. ಆದರೆ ಕೊಂಡೊ ಅದನ್ನು ಒಮ್ಮೆ ನುಡಿಸಿ ಬಿಟ್ಟುಬಿಡಲೂ ಇಲ್ಲ. ಪಲ್ಲವಿಯ ಸಾಲು ಮರಳುವಂತೆ, ಸುತ್ತಿನ ನಡುವೆ ಎರಡು ಕಡೆ ಅದೇ ಎತ್ತುಗಡೆ ಬರುತ್ತದೆ. ಹೀಗಾಗಿ ‘ಶುರು’ ಎನ್ನುವ ಗುರುತು ನಡುವೆಯೇ ಕೇಳಿಸುತ್ತದೆ, ನಿಜವಾದ ಶುರುವಿನಲ್ಲಿ ಕೇಳಿಸುವುದಿಲ್ಲ.

ಕೊನೆಯ ತುಣುಕಿನ ಕತೆಯೂ ಹೀಗೆಯೇ. ಅದು ಷಡ್ಜಕ್ಕೆ ಬಂದು ನಿಲ್ಲುತ್ತದೆ. ಬೇರೆಡೆಯಾದರೆ ಅದು ಪೂರ್ಣವಿರಾಮ. ಆದರೆ ಅದೇ ತುಣುಕು ಸುತ್ತಿನ ನಡುವೆಯೂ ಬಂದು, ಅದೇ ಷಡ್ಜಕ್ಕೆ ಇಳಿದು, ಅಲ್ಲಿಂದ ಇನ್ನೊಂದು ತುಣುಕಿಗೆ ದಾಟಿಕೊಂಡಿರುತ್ತದೆ. ಇಲ್ಲಿ ನಿಂತರೂ ಹಾಡು ಮುಗಿಯುವುದಿಲ್ಲ ಎಂದು ಕಿವಿ ಆಗಲೇ ಕಲಿತಿದೆ. ಸುತ್ತು ಮತ್ತೆ ಶುರುವಾಗುವ ಎರಡನೆಯ ಮನೆಯ ರಾಗವೂ ಷಡ್ಜದಿಂದಲೇ ಹೊರಡುತ್ತದೆ. ಕೊಂಡೊ ಹೊಲಿಗೆಯನ್ನು ಮುಚ್ಚಿಡಲಿಲ್ಲ. ಅಂಥದೇ ಹೊಲಿಗೆಗಳನ್ನು ಬಟ್ಟೆಯ ತುಂಬ ಹಾಕಿದರು.

ಗಮನಿಸಬೇಕಾದದ್ದು, ಕೊಂಡೊಗೆ ಇದ್ದದ್ದು ಸ್ವರದ ಚಿಂತೆ ಮಾತ್ರ, ಸದ್ದಿನ ಚಿಂತೆ ಇರಲಿಲ್ಲ. ಲಿಪಿಯಲ್ಲಿ ಹಿಂದಕ್ಕೆ ನೆಗೆಯಲು ಚಿಪ್‌ಗೆ ಕೇಳಿಸುವಷ್ಟು ಹೊತ್ತೇನೂ ಬೇಕಿಲ್ಲ. ಆಟದ ಸಮಯ 100ಕ್ಕೆ ಇಳಿದಾಗ ಟ್ಯೂನಿನ ವೇಗ ಏರಿದರೂ ಹೊಲಿಗೆ ಬಿಚ್ಚುವುದಿಲ್ಲ.

ತೊಂಬತ್ತರ ದಶಕದಲ್ಲಿ ಆಟಗಳು ಸಿಡಿಗೆ ಬಂದವು. ನಿಜವಾದ ವಾದ್ಯಗಳ ರೆಕಾರ್ಡಿಂಗ್ ಸಿಕ್ಕಿತು, ಪುಕ್ಕಟೆಯಾಗಿದ್ದ ನೆಗೆತ ಕೈತಪ್ಪಿತು. ಸಿಡಿಯ ಹಾಡು ಮುಗಿದಾಗ ಲೇಸರ್ ಕಣ್ಣು ತಟ್ಟೆಯ ಮೇಲೆ ಹಿಂದಕ್ಕೆ ಸರಿಯಬೇಕು. ಅಷ್ಟು ಹೊತ್ತು ಮೌನ. ಆಮೇಲೆ ಎಂಪಿತ್ರೀ ಬಂದಾಗ ಮೌನ ಚಿಕ್ಕದಾಯಿತು, ಹೋಗಲಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ, ನಾಲ್ಕು ಪೆಟ್ಟಿನ ಹದಿನಾರು ಆವರ್ತದ ಟ್ಯೂನ್ ಅನ್ನಿ. ಒಟ್ಟು 64 ಪೆಟ್ಟು, 32 ಸೆಕೆಂಡು. ಸೆಕೆಂಡಿಗೆ 44,100 ಸ್ಯಾಂಪಲ್‌ನಂತೆ 14,11,200 ಸ್ಯಾಂಪಲ್. ಎಂಪಿತ್ರೀ ಸದ್ದನ್ನು 1,152 ಸ್ಯಾಂಪಲ್‌ಗಳ ಕಟ್ಟುಗಳಾಗಿ ಕಟ್ಟುತ್ತದೆ. ನಮ್ಮ ಟ್ಯೂನ್ ಸರಿಯಾಗಿ 1,225 ಕಟ್ಟಾಗುತ್ತದೆ, ಶೇಷವಿಲ್ಲ. ಆದರೂ ಎಡವುತ್ತದೆ. ಕಟ್ಟುವಾಗ ಮತ್ತು ಬಿಚ್ಚುವಾಗ ಆ ವಿಧಾನವೇ ಶುರುವಿಗೆ ಸಾವಿರ ಚಿಲ್ಲರೆ ಖಾಲಿ ಸ್ಯಾಂಪಲ್ ಸೇರಿಸುತ್ತದೆ, ಅಂದರೆ ಸೆಕೆಂಡಿನ ನಲವತ್ತನೆಯ ಒಂದು ಭಾಗ. ಕೊನೆಯ ಕಟ್ಟು ತುಂಬಿಸಲು ಇನ್ನಷ್ಟು ಬೀಳುತ್ತದೆ. ಬರೀ ತಂಬೂರಿಯಂಥ ಸದ್ದಿನಲ್ಲೂ ಅದು ಸಣ್ಣ ಬಿಕ್ಕಳಿಕೆಯಂತೆ ಕೇಳುತ್ತದೆ, ತಾಳವಿದ್ದರೆ ಸಮ ತಪ್ಪಿದಂತಾಗುತ್ತದೆ. ಎಷ್ಟು ಖಾಲಿ ಸೇರಿದೆ ಎಂದು ಕೆಲವು ಫೈಲ್‌ಗಳಲ್ಲಿ ಬರೆದಿರುತ್ತದೆ, ಆದರೆ ನುಡಿಸುವ ಪ್ರೋಗ್ರಾಮು ಅದನ್ನು ಓದಿದರಷ್ಟೇ ಉಪಯೋಗ. ಅದಕ್ಕೇ ಸುತ್ತುವ ಟ್ಯೂನಿಗೆ ವೇವ್ ಅಥವಾ ಆಗ್ ಫೈಲ್ ಬಳಸುವುದು ವಾಡಿಕೆ.

ಇನ್ನೊಂದು ತೊಡಕು ನಾದದ ಬಾಲದ್ದು. 32ನೆಯ ಸೆಕೆಂಡಿಗೆ ಕತ್ತರಿಸಿದರೆ ಕೊನೆಯ ಸ್ವರದ ಅನುರಣನ ಅಲ್ಲೇ ಸತ್ತುಹೋಗುತ್ತದೆ. ಬಾಲ ಬಿಟ್ಟರೆ ಸುತ್ತು ಉದ್ದವಾಗಿ ತಾಳ ಕೆಡುತ್ತದೆ. ಇದಕ್ಕೆ ಉಪಾಯ, ಟ್ಯೂನನ್ನು ಬೆನ್ನುಬೆನ್ನಿಗೆ ಎರಡು ಬಾರಿ ನುಡಿಸಿ, 64ನೆಯ ಸೆಕೆಂಡಿಗೆ ಕತ್ತರಿಸುವುದು. ಎರಡನೆಯ ಸುತ್ತಿನ ತಲೆಯ ಮೇಲೆ ಮೊದಲನೆಯದರ ಬಾಲ ತಾನಾಗಿ ಬಿದ್ದಿರುತ್ತದೆ. ಎರಡೂ ಸುತ್ತನ್ನು ಒಂದೇ ಆಗ್ ಫೈಲಿನಲ್ಲಿ ಇಟ್ಟು, ಆರ್‌ಪಿಜಿ ಮೇಕರ್‌ನಂಥ ತಂತ್ರಾಂಶ ಓದುವ ಎರಡು ಗುರುತು ಬರೆದರೆ ಸಾಕು:

```
LOOPSTART=1411200
LOOPLENGTH=1411200
```

ಮೊದಲ ಸುತ್ತು ಬಾಲವಿಲ್ಲದೆ, ಶುದ್ಧವಾಗಿ ಒಮ್ಮೆ ಮಾತ್ರ ನುಡಿಯುತ್ತದೆ. ಆಮೇಲೆ ಎರಡನೆಯದೇ ಸುತ್ತುತ್ತದೆ. ಪರೀಕ್ಷಿಸಲು ಪೂರ್ತಿ ಕೇಳುತ್ತ ಕೂರಬೇಕಿಲ್ಲ. ಈ ಸುತ್ತಿನ ಕೊನೆಯ ಎರಡು ಸೆಕೆಂಡನ್ನು ಅದರ ಮೊದಲ ಎರಡು ಸೆಕೆಂಡಿಗೆ ಅಂಟಿಸಿ, ತಾಳವಾದ್ಯ ಮುಚ್ಚಿ ಕೇಳಬೇಕು. ‘ಟಿಕ್’ ಎಂದರೆ ಅಲೆಯ ಎರಡು ತುದಿಗಳು ಒಂದೇ ಎತ್ತರದಲ್ಲಿ ಕೂಡಿಲ್ಲ. ಟಿಕ್ ಇಲ್ಲದೆಯೂ ‘ಮುಗಿಯಿತು’ ಅನ್ನಿಸಿದರೆ ದೋಷ ಫೈಲಿನದಲ್ಲ, ರಾಗದ್ದು. ಅದನ್ನು ಯಾವ ತಂತ್ರಾಂಶವೂ ಸರಿಮಾಡದು, ಮತ್ತೆ ಸ್ವರ ಬರೆಯಬೇಕು.

ಆ ಎರಡು ಗುರುತುಗಳು ಹೇಳುವುದಾದರೂ ಏನು? ಕೊನೆ ಮುಟ್ಟಿದ ಮೇಲೆ ಶುರುವಿಗೆ ಹೋಗಬೇಡ, ಶುರು ಮುಗಿದ ಜಾಗಕ್ಕೆ ಹೋಗು ಎಂದು. 1985ರಲ್ಲಿ, 40 ಕಿಲೋಬೈಟಿನೊಳಗೆ, ಮೂವತ್ಮೂರನೆಯ ಮನೆಯಿಂದ ಎರಡನೆಯ ಮನೆಗೆ ಹಾರಿದ ನೆಗೆತವೂ ಇದೇ.