ಬಿಟ್ಟ, ಬಿಟ್ಟುಕೊಟ್ಟ, ಕೈಚೆಲ್ಲಿದ

‘ಗಿವ್ ಅಪ್’ ಎದುರು ನಮ್ಮ ಇಂಗ್ಲಿಷ್ ಕಲಿಕೆಯ ಪುಸ್ತಕಗಳು ‘ತ್ಯಜಿಸು’ ಎಂದು ಬರೆದು ಮುಂದೆ ಹೋಗುತ್ತವೆ. ತ್ಯಜಿಸುವುದು ಋಷಿಮುನಿಗಳ ಕೆಲಸ. ಪಕ್ಕದ ಮನೆಯ ಯಜಮಾನರು ಬೀಡಿ ತ್ಯಜಿಸುವುದಿಲ್ಲ, ಬಿಡುತ್ತಾರೆ. ಆದರೆ ಈ ‘ಬಿಡು’ವನ್ನೇ ನಂಬಿ ‘ಹಿ ಲೆಫ್ಟ್ ಸ್ಮೋಕಿಂಗ್’ ಎಂದರೆ ಎಡವಿದಂತೆ. ಊರು, ಮನೆ, ನೌಕರಿ ಬಿಡುವುದಕ್ಕೆ ‘ಲೆಫ್ಟ್’ ಸರಿ. ಚಟ ಬಿಡುವುದಕ್ಕೆ ‘ಗೇವ್ ಅಪ್’ ಬೇಕು. ಅದರ ಬೆನ್ನಿಗೆ ಬರುವುದೂ ‘ಸ್ಮೋಕಿಂಗ್’, ‘ಟು ಸ್ಮೋಕ್’ ಅಲ್ಲ.

ಏನನ್ನು ಬಿಡುತ್ತಿದ್ದಾರೆ ಎಂದು ನೋಡಿದರೆ ಕನ್ನಡದ ಮಾತು ತಾನಾಗಿ ಸಿಗುತ್ತದೆ. ಬಸ್ಸಿನಲ್ಲಿ ಅಜ್ಜಿಗೆ ಸೀಟು ‘ಗಿವ್ ಅಪ್’ ಮಾಡಿದ ಹುಡುಗಿ ಅದನ್ನು ಬಿಟ್ಟುಕೊಟ್ಟಳು. ತಲೆಮರೆಸಿಕೊಂಡಿದ್ದವನು ಪೊಲೀಸರಿಗೆ ತನ್ನನ್ನೇ ‘ಗಿವ್ ಅಪ್’ ಮಾಡಿದರೆ ಶರಣಾದ. ಲೆಕ್ಕ ಬಗೆಹರಿಯದೆ ಪೆನ್ನು ಕೆಳಗಿಟ್ಟು ‘ಐ ಗಿವ್ ಅಪ್’ ಎಂದವಳು ಹೇಳುತ್ತಿರುವುದು ‘ನನ್ನ ಕೈಲಾಗಲ್ಲ’ ಅಂತ; ಅವಳು ಕೈಚೆಲ್ಲಿದಳು. ಅದಕ್ಕೆ ‘ಆನ್’ ಸೇರಿಸಿ ಮಗನ ಹೆಸರು ಹೇಳಿದರೆ, ಮಗನ ಮೇಲಿನ ಆಸೆ ಬಿಟ್ಟರು ಎಂದರ್ಥ.

ಇಲ್ಲಿ ‘ಅಪ್’ಗೂ ಮೇಲಕ್ಕೂ ಸಂಬಂಧವಿಲ್ಲ. ‘ಈಟ್ ಅಪ್’, ‘ಯೂಸ್ ಅಪ್’ಗಳಲ್ಲಿ ಅದು ಕೆಲಸ ಪೂರ್ತಿಯಾಯಿತು ಎಂದು ಹೇಳುತ್ತದೆ. ಆ ಕೆಲಸಕ್ಕೆ ನಮ್ಮಲ್ಲಿ ಕ್ರಿಯಾಪದದ ಬಾಲದಲ್ಲಿ ‘ಬಿಡು’, ‘ಹಾಕು’ ಇವೆ: ತಿಂದುಬಿಡು, ಮುಗಿಸಿಹಾಕು. ಕನ್ನಡದವರಿಗೆ ಈ ಜಾಯಮಾನ ಹೊಸದೇನಲ್ಲ.

‘ಪುಟ್ ಆಫ್’ ಸುಲಭವೆನಿಸುತ್ತದೆ. ಮೀಟಿಂಗ್ ಶುಕ್ರವಾರದಿಂದ ಸೋಮವಾರಕ್ಕೆ ಹೋದರೆ ಮುಂದಕ್ಕೆ ಹಾಕಿದರು, ಅಷ್ಟೇ. ಅಪಾಯವಿರುವುದು ಅದರ ವಿರುದ್ಧ ಪದದಲ್ಲಿ. ಮೀಟಿಂಗನ್ನು ‘ಬ್ರಾಟ್ ಫಾರ್ವರ್ಡ್’ ಎಂದು ಸಂದೇಶ ಬಂದರೆ, ಫಾರ್ವರ್ಡ್ ಎಂದರೆ ಮುಂದಕ್ಕೆ ತಾನೇ ಎಂದು ನಾವು ಸೋಮವಾರ ಹೋಗುತ್ತೇವೆ. ಅವರು ಬುಧವಾರವೇ ಮುಗಿಸಿರುತ್ತಾರೆ! ನಮಗೆ ಮುಂದಿನದೆಂದರೆ ಇನ್ನೂ ಬರಬೇಕಾದ ದಿನ. ಅವರ ‘ಬ್ರಿಂಗ್ ಫಾರ್ವರ್ಡ್’ ಕಾರ್ಯಕ್ರಮವನ್ನು ಇವತ್ತಿನ ಹತ್ತಿರಕ್ಕೆ ಎಳೆಯುತ್ತದೆ. ‘ಮೊದಲೇ ಇಟ್ಟುಕೊಂಡರು’ ಎಂದು ತಿಳಿದುಕೊಂಡರೆ ಗೊಂದಲವಿಲ್ಲ. ನಮ್ಮ ಆಫೀಸುಗಳಲ್ಲಿ ‘ಪ್ರಿಪೋನ್’ ಬೇರೂರಿದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

ಪದಗಳನ್ನು ಜೋಡಿಸುವಾಗಲೂ ಒಂದು ಎಚ್ಚರ ಬೇಕು. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ನಡೆಯುತ್ತವೆ. ಮೀಟಿಂಗ್ ಬದಲು ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’.

ಮನುಷ್ಯರನ್ನು ‘ಪುಟ್ ಆಫ್’ ಮಾಡುವುದು ಬೇರೆಯೇ ಕಥೆ. ಸಾಲ ಕೇಳಲು ಬಂದವನನ್ನು ಏನೋ ನೆಪ ಹೇಳಿ ಸಾಗಹಾಕುತ್ತೇವಲ್ಲ, ಅದು. ಹಿಂದೊಮ್ಮೆ ಬೆಂಗಳೂರಿನ ಸುತ್ತಮುತ್ತ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೂ ಹೀಗೇ ಸಾಗಹಾಕುತ್ತಿದ್ದರು. ಇನ್ನು ‘ದ ಸ್ಮೆಲ್ ಪುಟ್ ಮಿ ಆಫ್’ ಎಂದವರಿಗೆ ಯಾವ ದಿನಾಂಕವೂ ಬದಲಾಗಿಲ್ಲ. ಆ ವಾಸನೆಗೆ ಅವರಿಗೆ ಊಟವೇ ಬೇಡವಾಗಿದೆ.