ಮಾನವ ಸಂಪನ್ಮೂಲ ಅಧಿಕಾರಿಯ ರೆಸ್ಯೂಮೆ (ಕಲಬುರಗಿಯ ಸಿಮೆಂಟ್ ಪ್ರದೇಶ)

ನೇಮಕಾತಿ, ಹೊಸಬರ ಸೇರ್ಪಡೆ, ನೌಕರರು ಕೆಲಸ ಬಿಟ್ಟುಹೋಗುವುದರ ತಡೆ, ನಿಯಮಗಳ ಜಾರಿ ಇವುಗಳಲ್ಲಿ ಎಚ್‌.ಆರ್. ಅಧಿಕಾರಿಯೊಬ್ಬರು ಮಾಡಿದ ಕೆಲಸವನ್ನು ಅಂಕಿಗಳೊಡನೆ ತಿಳಿಸುವ ಬರಹ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸುಣ್ಣಕಲ್ಲಿನ ನೆಲ. ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತ ಕಾರ್ಖಾನೆಗಳು ಬೆಳೆದದ್ದು ಈ ಕಲ್ಲಿನ ಮೇಲೆಯೇ. ಇಲ್ಲಿನ ರೆಸ್ಯೂಮೆಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಮಾದರಿ ಒಗ್ಗುವುದಿಲ್ಲ.

ಮೊದಲ ತೊಡಕು ನೇಮಕಾತಿಯ ಸಂಖ್ಯೆಯದು. ಕಿಲ್ನ್ ನಿಲ್ಲಿಸಿ ಒಳಗಿನ ಇಟ್ಟಿಗೆ ಬದಲಿಸುವ ಶಟ್‌ಡೌನ್ ದಿನಗಳಲ್ಲಿ ಗುತ್ತಿಗೆದಾರರ ಆಳುಗಳು ದೊಡ್ಡ ಸಂಖ್ಯೆಯಲ್ಲಿ ಗೇಟ್‌ಪಾಸ್ ಪಡೆದು ಒಳಬರುತ್ತಾರೆ. ಅವರು ಕಂಪನಿಯ ಹಾಜರಿ ಪಟ್ಟಿಯಲ್ಲಿರುವುದಿಲ್ಲ. ಅವರನ್ನೂ ಸೇರಿಸಿ ‘ಇಷ್ಟು ಜನರ ನೇಮಕ’ ಎಂದು ಬರೆದರೆ ಅದು ಸುಳ್ಳು ಲೆಕ್ಕ. ಕಾಯಂ ನೌಕರರು, ಟ್ರೈನಿಗಳು, ಗುತ್ತಿಗೆ ಕಾರ್ಮಿಕರು ಎಂದು ಬೇರೆಬೇರೆಯಾಗಿ ಬರೆಯಬೇಕು.

ಬಿಟ್ಟುಹೋದವರ ಪ್ರಮಾಣವನ್ನು ಹೀಗೆ ಲೆಕ್ಕ ಹಾಕುತ್ತಾರೆ: ವರ್ಷದಲ್ಲಿ ಕೆಲಸ ಬಿಟ್ಟವರ ಸಂಖ್ಯೆಯನ್ನು ಸರಾಸರಿ ನೌಕರರ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸುವುದು. ಉದಾಹರಣೆಗೆ ಒಂದು ಕಾರ್ಖಾನೆಯಲ್ಲಿ ವರ್ಷದ ಆರಂಭಕ್ಕೆ 240, ಕೊನೆಗೆ 260 ಕಾಯಂ ನೌಕರರಿದ್ದು, ನಡುವೆ 45 ಮಂದಿ ಬಿಟ್ಟಿದ್ದಾರೆ ಎನ್ನಿ. ಸರಾಸರಿ 250, ಪ್ರಮಾಣ ಶೇ 18. ಹಾಗಾದರೆ ಆ ವರ್ಷ ಸೇರಿದವರು 65 ಆಗಲೇಬೇಕು. ಅವರಲ್ಲಿ 45 ಮಂದಿ ಖಾಲಿಯಾದ ಜಾಗ ತುಂಬಿದವರು, ನಿಜವಾದ ಏರಿಕೆ 20 ಮಾತ್ರ. ಮರುವರ್ಷದ ಕೊನೆಗೆ ನೌಕರರು 280ಕ್ಕೆ ಏರಿ, ಬಿಟ್ಟವರು 27 ಆದರೆ ಪ್ರಮಾಣ ಶೇ 10. ಇದನ್ನು ‘ಶೇ 18ರಿಂದ 10ಕ್ಕೆ’ ಎಂದು ಬರೆಯುವುದು ಪ್ರಾಮಾಣಿಕ. ‘ಶೇ 44ರಷ್ಟು ಇಳಿಕೆ’ ಎಂಬುದೂ ಗಣಿತಕ್ಕೆ ಸರಿಯೇ, ಆದರೆ ಮೂಲ ಅಂಕಿಯನ್ನು ಮರೆಮಾಡುತ್ತದೆ. ಸಂದರ್ಶಕರು ಮೊದಲು ನೋಡುವುದು ಈ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದನ್ನು. ಇಳಿಕೆಗೆ ಕಾರಣವನ್ನೂ ಹೇಳಬೇಕು: ಕ್ವಾರ್ಟರ್ಸ್ ಕೊಟ್ಟದ್ದೋ, ಪಾಳಿ ಬಸ್ ಸೇಡಂವರೆಗೆ ಓಡಿಸಿದ್ದೋ, ಸುತ್ತಲಿನ ಊರಿನ ಐಟಿಐ ಹುಡುಗರನ್ನೇ ತೆಗೆದುಕೊಂಡದ್ದೋ. ನೆರೆಯ ಕಾರ್ಖಾನೆ ಆ ವರ್ಷ ನೇಮಕ ನಿಲ್ಲಿಸಿದ್ದರೆ ಇಳಿಕೆಯ ಶ್ರೇಯ ಅಧಿಕಾರಿಯದಲ್ಲ.

ಸೇರ್ಪಡೆಯ ಕೆಲಸ ಇಲ್ಲಿ ಎರಡು ಬಗೆ. ಕಾರ್ಖಾನೆಗೆ ಬಂದವರಿಗೆ ಪಿಎಫ್ ಖಾತೆ, ಸುರಕ್ಷತಾ ತರಬೇತಿ ಮುಂತಾದವು ಬೇಕು. ಸುಣ್ಣಕಲ್ಲು ಗಣಿಗೆ ಹೋಗುವವರಿಗೆ ಗಣಿ ನಿಯಮಗಳಂತೆ ಆರಂಭಿಕ ವೈದ್ಯಕೀಯ ಪರೀಕ್ಷೆ, ವೃತ್ತಿ ತರಬೇತಿಯೂ ಬೇಕು. ಗಣಿಯ ಅನುಭವವಿರುವವರು ಅದನ್ನು ಪ್ರತ್ಯೇಕವಾಗಿ ಬರೆಯುವುದು ಲಾಭದಾಯಕ.

ನಿಯಮಗಳ ಜಾರಿಯಲ್ಲಿ ‘ಕರಡು ಬರೆದೆ’ ಮತ್ತು ‘ಜಾರಿಗೆ ತಂದೆ’ ಎಂಬುವುಗಳ ನಡುವೆ ಅಂತರವಿದೆ. ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯಡಿ ಆಂತರಿಕ ಸಮಿತಿ ರಚಿಸಿದ್ದರೆ, ಅದು ಎಷ್ಟು ಸಲ ಸೇರಿತು, ಗುತ್ತಿಗೆ ಮಹಿಳೆಯರಿಗೂ ಅದರ ಸುದ್ದಿ ಮುಟ್ಟಿತೇ ಎಂಬುದೇ ಸಾಕ್ಷಿ. ದೂರು ನೀಡಿದವರ ಹೆಸರು, ಗುರುತು ಮಾತ್ರ ರೆಸ್ಯೂಮೆಯಲ್ಲಿ ಎಲ್ಲಿಯೂ ಬರಕೂಡದು. ಆ ಗುಟ್ಟನ್ನು ಕಾಯುವುದನ್ನು ಕಾಯ್ದೆಯೇ ಕಡ್ಡಾಯ ಮಾಡಿದೆ.