ಎಕ್ಸ್‌ಪೋಷರ್ ಶೀಟ್ (ಕಾಗದ ಕಟೌಟ್ ಮತ್ತು ಸ್ಟಾಪ್ ಮೋಷನ್ ಅನಿಮೇಷನ್‌ನಲ್ಲಿ)

ಎಕ್ಸ್‌ಪೋಷರ್ ಶೀಟ್ ಎಂದರೆ ಅನಿಮೇಷನ್ ಚಿತ್ರದ ಒಂದು ದೃಶ್ಯವನ್ನು ಫ್ರೇಮ್ ಫ್ರೇಮಾಗಿ ಬಿಡಿಸಿ, ಯಾವ ಫ್ರೇಮ್‌ನಲ್ಲಿ ಯಾವ ಅಂಗ ಎಷ್ಟು ಸರಿಯಬೇಕು, ಬಾಯಿ ಹೇಗಿರಬೇಕು, ಕ್ಯಾಮೆರಾ ಏನು ಮಾಡಬೇಕು ಎಂದು ಬರೆದಿಡುವ ಪಟ್ಟಿ. ಸ್ಟುಡಿಯೋಗಳಲ್ಲಿ ಇದಕ್ಕೆ ಡೋಪ್ ಶೀಟ್ ಅಥವಾ ಎಕ್ಸ್-ಶೀಟ್ ಎಂದೂ ಹೇಳುತ್ತಾರೆ. ಹಾಳೆಯ ಒಂದೊಂದು ಅಡ್ಡಸಾಲೂ ಒಂದು ಫ್ರೇಮ್. ಒಂದೊಂದು ಕಂಬಸಾಲೂ ಒಂದು ಅಂಗ ಅಥವಾ ಒಂದು ಪದರ. ಮೇಲಿನಿಂದ ಕೆಳಕ್ಕೆ ಓದಿದರೆ ಕಾಲ ಸರಿಯುತ್ತದೆ, ಎಡದಿಂದ ಬಲಕ್ಕೆ ಓದಿದರೆ ಒಂದೇ ಕ್ಷಣದಲ್ಲಿ ಏನೇನು ನಡೆಯುತ್ತಿದೆ ಎಂದು ಗೊತ್ತಾಗುತ್ತದೆ.

ಕೈಯಿಂದ ಬಿಡಿಸುವ ಅನಿಮೇಷನ್‌ನಲ್ಲಿ ಈ ಹಾಳೆ ಕ್ಯಾಮೆರಾದವನಿಗೆ ಬರೆದ ಸೂಚನೆ. ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ತಪ್ಪಾದರೆ ಅವೇ ಹಾಳೆಗಳನ್ನು ಮತ್ತೆ ಜೋಡಿಸಿ ಚಿತ್ರೀಕರಿಸಬಹುದು. ಕಾಗದದ ಗೊಂಬೆಯನ್ನು ಕ್ಯಾಮೆರಾದ ಕೆಳಗೆ ಸರಿಸುವವರಿಗೆ ಆ ಅನುಕೂಲ ಇಲ್ಲ. ಕೈ ಒಮ್ಮೆ ಸರಿದ ಮೇಲೆ ಹಿಂದಿನ ಸ್ಥಾನ ಮೇಜಿನ ಮೇಲೆ ಎಲ್ಲೂ ಉಳಿಯುವುದಿಲ್ಲ. ಹಾಗಾಗಿ ಇಲ್ಲಿ ಇದೇ ಹಾಳೆ ಮುಂಚಿನ ಯೋಜನೆಯೂ ಹೌದು, ನಡೆದದ್ದರ ದಾಖಲೆಯೂ ಹೌದು. ಈ ಎರಡನೆಯ ಕೆಲಸವೇ ಕಟೌಟ್ ಮತ್ತು ಸ್ಟಾಪ್ ಮೋಷನ್‌ನಲ್ಲಿ ಹಾಳೆಗೆ ಬೇರೆ ರೂಪ ಕೊಟ್ಟಿತು.

ಹಾಳೆಗೆ ಮುಂಚೆ

ಮೂಕಿಚಿತ್ರಗಳ ಕಾಲದ ಕೈಕ್ಯಾಮೆರಾದಲ್ಲಿ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ 8 ಫ್ರೇಮ್ ಓಡುತ್ತಿತ್ತು. ಅನಿಮೇಷನ್‌ಗೆ ಬೇಕಾದದ್ದು ಒಂದು ಸುತ್ತಿಗೆ ಒಂದೇ ಫ್ರೇಮ್. ಆ ಏರ್ಪಾಡಾದ ಮೇಲೆ ಲೆಕ್ಕವೇ ಕೆಲಸದ ಭಾಗವಾಯಿತು. 1906ರಲ್ಲಿ ಜೆ. ಸ್ಟುವರ್ಟ್ ಬ್ಲ್ಯಾಕ್ಟನ್ ಸೀಮೆಸುಣ್ಣದ ಚಿತ್ರಗಳ ಜೊತೆಗೆ ಕತ್ತರಿಸಿದ ಕಾಗದದ ತುಂಡುಗಳನ್ನೂ ಬಳಸಿದ. 1908ರಲ್ಲಿ ಎಮಿಲ್ ಕೋಲ್ ‘ಫ್ಯಾಂಟಸ್ಮಗೋರಿ’ ಚಿತ್ರಕ್ಕೆ ಸುಮಾರು 700 ಚಿತ್ರ ಬಿಡಿಸಿ, ಒಂದೊಂದನ್ನೂ ಎರಡೆರಡು ಫ್ರೇಮ್ ತೆಗೆದ. ‘ಎರಡೆರಡರಲ್ಲಿ’ ಎಂದು ಅನಿಮೇಟರುಗಳು ಇಂದಿಗೂ ಹೇಳುವ ಪದ್ಧತಿ ಇದೇ. ಅರ್ಧ ಶ್ರಮಕ್ಕೆ ಪೂರ್ತಿ ಕಾಲ ಸಿಗುತ್ತದೆ, ಕಣ್ಣಿಗೂ ಅಷ್ಟಾಗಿ ತೊಡಕೆನಿಸುವುದಿಲ್ಲ.

ಭಾರತದಲ್ಲಿ ದಾದಾಸಾಹೇಬ್ ಫಾಲ್ಕೆ ಕಥಾಚಿತ್ರ ಮಾಡುವ ಮೊದಲೇ, ಬಟಾಣಿ ಗಿಡ ಬೆಳೆಯುವುದನ್ನು ದಿನಗಟ್ಟಲೆ ಬಿಡಿಬಿಡಿ ಫ್ರೇಮ್‌ಗಳಲ್ಲಿ ಹಿಡಿದು ಹಣ ಹೂಡುವವರಿಗೆ ತೋರಿಸಿದ್ದರು. ಅಲ್ಲಿ ಗಿಡವೇ ತಾನಾಗಿ ಸರಿಯುತ್ತಿತ್ತು, ಟಿಪ್ಪಣಿಗೆ ಉಳಿದದ್ದು ಹೊತ್ತಿನ ಲೆಕ್ಕ ಮಾತ್ರ. ಮುಂದೆ ಬೆಂಕಿಕಡ್ಡಿಗಳನ್ನು ಕುಣಿಸಿದ ‘ಆಗಕಾಡ್ಯಾಂಚಿ ಮೌಜ್’ (1915) ಚಿತ್ರದಲ್ಲಿ ಪ್ರತಿ ಚಲನೆಯನ್ನೂ ಅವರೇ ನಿರ್ಧರಿಸಬೇಕಾಯಿತು.

ಕಾಗದದ ಗೊಂಬೆಗಳಲ್ಲಿ ದೊಡ್ಡ ಸಾಧನೆ ಜರ್ಮನಿಯ ಲೊಟ್ಟೆ ರೈನಿಗರ್ ಅವರದು. 1923ರಿಂದ 1926ರವರೆಗೆ ಪಾಟ್ಸ್‌ಡ್ಯಾಮ್‌ನಲ್ಲಿ ತಯಾರಾದ ‘ರಾಜಕುಮಾರ ಅಹ್ಮದನ ಸಾಹಸಗಳು’ ಚಿತ್ರಕ್ಕಾಗಿ ಕಪ್ಪು ರಟ್ಟು ಮತ್ತು ತೆಳುವಾದ ಸೀಸದ ತಗಡಿನಲ್ಲಿ ಅಂಗಾಂಗ ಕತ್ತರಿಸಿ, ತಂತಿಯಿಂದ ಕೀಲು ಹಾಕಿ, ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಜಿನ ಮೇಲೆ ಇಟ್ಟು ಸರಿಸಿದರು. ಕ್ಯಾಮೆರಾ ನೇರ ಮೇಲೆ ನೇತಾಡುತ್ತಿತ್ತು. ಸಂಗೀತ ವುಲ್ಫ್‌ಗಾಂಗ್ ತ್ಸೆಲರ್ ಅವರದು. ಮೆರವಣಿಗೆಯಂಥ ಕಡೆ ಹೆಜ್ಜೆ ತಾಳಕ್ಕೆ ಕೂಡಬೇಕಾದರೆ, ಒಂದು ಹೆಜ್ಜೆಗೆ ಎಷ್ಟು ಫ್ರೇಮ್ ಎಂಬ ಲೆಕ್ಕ ಗೊಂಬೆಯನ್ನು ಮುಟ್ಟುವ ಮೊದಲೇ ಆಗಿರಬೇಕು.

ಧ್ವನಿ ತಂದ ಶಿಸ್ತು

ಮೂಕಿ ಕಾಲದಲ್ಲಿ ಪ್ರೊಜೆಕ್ಟರಿನ ವೇಗ ಊರಿಂದೂರಿಗೆ ಬೇರೆ. ಟಾಕಿ ಬಂದ ಮೇಲೆ ವೇಗ ಸೆಕೆಂಡಿಗೆ 24 ಫ್ರೇಮ್‌ಗೆ ನಿಂತಿತು. ಇದರಿಂದ ಕಾಲವನ್ನು ಕಾಗದದ ಮೇಲೆ ಅಳೆಯುವುದು ಸಾಧ್ಯವಾಯಿತು. 1928ರ ನವೆಂಬರಿನಲ್ಲಿ ತೆರೆಕಂಡ ಡಿಸ್ನಿಯ ‘ಸ್ಟೀಮ್‌ಬೋಟ್ ವಿಲ್ಲಿ’ಗೆ ಯುವ ಅನಿಮೇಟರ್ ವಿಲ್ಫ್ರೆಡ್ ಜ್ಯಾಕ್ಸನ್ ಮೆಟ್ರೊನೋಮ್ ಬಳಸಿ ತಾಳವನ್ನು ಫ್ರೇಮ್‌ಗೆ ಇಳಿಸುವ ಲೆಕ್ಕ ಹಾಕಿಕೊಟ್ಟ. ನಿಮಿಷಕ್ಕೆ 120 ಪೆಟ್ಟಿನ ತಾಳವಾದರೆ ಒಂದು ಪೆಟ್ಟಿಗೆ ಸರಿಯಾಗಿ 12 ಫ್ರೇಮ್. ಆಗ ಸಂಗೀತಗಾರನ ಸ್ವರಲಿಪಿಯೂ ಅನಿಮೇಟರನ ಹಾಳೆಯೂ ಒಂದೇ ಅಳತೆಗೋಲಿನಲ್ಲಿ ಮಾತಾಡತೊಡಗಿದವು.

35 ಮಿ.ಮೀ. ಫಿಲ್ಮ್‌ನ ಒಂದು ಅಡಿಯಲ್ಲಿ 16 ಫ್ರೇಮ್ ಇರುವುದರಿಂದ ಹಾಳೆಗಳಲ್ಲಿ ಪ್ರತಿ 16 ಸಾಲಿಗೊಂದು ದಪ್ಪ ಗೆರೆ ಹಾಕುವ ರೂಢಿ ಬೆಳೆಯಿತು. ಮಾತಿನ ದೃಶ್ಯಗಳಿಗೆ ‘ಟ್ರ್ಯಾಕ್ ಓದುವುದು’ ಎಂಬ ಬೇರೆ ಕೆಲಸವೇ ಹುಟ್ಟಿತು. ಧ್ವನಿಯ ಪಟ್ಟಿಯನ್ನು ಕೈಯಿಂದ ಮೆಲ್ಲನೆ ಹಿಂದೆ ಮುಂದೆ ಎಳೆಯುತ್ತ, ಯಾವ ಅಕ್ಷರ ಎಲ್ಲಿ ಶುರುವಾಗುತ್ತದೆ ಎಂದು ಕೇಳಿ, ಆ ಫ್ರೇಮ್ ಸಂಖ್ಯೆಯನ್ನು ಹಾಳೆಯ ಧ್ವನಿ ಕಂಬಸಾಲಿನಲ್ಲಿ ಬರೆಯುತ್ತಿದ್ದರು.

ಒಂದು ದೃಶ್ಯದ ಹಾಳೆ

ಕಟೌಟ್ ಗೊಂಬೆಯೊಂದು ‘ಅಮ್ಮ... ಬಾ’ ಎಂದು ಕರೆಯುತ್ತ ಬಲಗೈ ಎತ್ತುವ 30 ಫ್ರೇಮ್‌ಗಳ, ಅಂದರೆ ಒಂದೂಕಾಲು ಸೆಕೆಂಡಿನ ದೃಶ್ಯವನ್ನು ತೆಗೆದುಕೊಳ್ಳಬಹುದು. ಎಲ್ಲವೂ ಎರಡೆರಡರಲ್ಲಿ. ಬಾಯಿಗೆ ಮೂರು ತುಂಡು ಕತ್ತರಿಸಿಟ್ಟಿದೆ: ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು.

| ಫ್ರೇಮ್ | ಧ್ವನಿ | ಬಾಯಿ | ಬೆರಳತುದಿ (ಮಿ.ಮೀ.) |
|---|---|---|---|
| 1–4 | ಅ | ಅರ್ಧ | – |
| 5–10 | ಮ್ಮ್ | ಮುಚ್ಚಿದೆ | – |
| 11–12 | ಅ | ಅರ್ಧ | ಕೆಳಗೆ 2 |
| 13–14 | ಅ | ಅರ್ಧ | ಕೆಳಗೆ 3 = ಸೊನ್ನೆ |
| 15–16 | ಮೌನ | ಮುಚ್ಚಿದೆ | ಮೇಲೆ 2 |
| 17–18 | ಮೌನ | ಮುಚ್ಚಿದೆ | 6 |
| 19–20 | ಬ್ | ಮುಚ್ಚಿದೆ | 13 |
| 21–22 | ಆ | ಪೂರ್ತಿ | 23 |
| 23–24 | ಆ | ಪೂರ್ತಿ | 33 |
| 25–26 | ಆ | ಪೂರ್ತಿ | 40 |
| 27–28 | ಆ | ಪೂರ್ತಿ | 44 |
| 29–30 | ಮೌನ | ಅರ್ಧ | 46 |

‘ಅಮ್ಮ’ದ ಒತ್ತಕ್ಷರಕ್ಕೆ ಇಲ್ಲಿ 6 ಫ್ರೇಮ್ ಕೊಟ್ಟಿದೆ. ಕನ್ನಡದಲ್ಲಿ ಒಂಟಿ ಮಕಾರಕ್ಕೂ ಒತ್ತಿನ ಮಕಾರಕ್ಕೂ ಇರುವ ವ್ಯತ್ಯಾಸ ತುಟಿ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂಬುದೇ. 2 ಫ್ರೇಮ್‌ಗೆ ಬಾಯಿ ತೆರೆದುಬಿಟ್ಟರೆ ಕಿವಿಗೆ ‘ಅಮ್ಮ’ ಕೇಳಿಸಿದರೂ ಕಣ್ಣಿಗೆ ‘ಅಮ’ ಕಾಣುತ್ತದೆ. ಪ, ಬ, ಮಗಳಿಗೆ ತುಟಿ ಮುಚ್ಚಿದ್ದು ಕನಿಷ್ಠ 2 ಫ್ರೇಮ್ ಆದರೂ ಕಾಣಲೇಬೇಕು. ಉಳಿದ ವ್ಯಂಜನಗಳನ್ನು ಎಷ್ಟೋ ಸಲ ಬಿಟ್ಟೇ ನಡೆಸಬಹುದು.

ಕೈಯ ಲೆಕ್ಕದಲ್ಲಿ ಮೂರು ವಿಷಯ ಇವೆ. ಮೇಲೇಳುವ ಮೊದಲು ಅದು 3 ಮಿ.ಮೀ. ಕೆಳಕ್ಕೆ ಇಳಿಯುತ್ತದೆ, ಹಾಗೆ ಇಳಿಯದೆ ಎದ್ದರೆ ಕೈ ತಾನಾಗಿ ಎದ್ದಂತಲ್ಲ, ದಾರ ಕಟ್ಟಿ ಎಳೆದಂತೆ ಕಾಣುತ್ತದೆ. ಎರಡನೆಯದು, ‘ಬಾ’ ಎನ್ನುವುದಕ್ಕೆ 4 ಫ್ರೇಮ್ ಮೊದಲೇ ಏರಲು ಶುರು. ಮನುಷ್ಯರು ಕರೆಯುವಾಗ ಕೈಯೇ ಮಾತಿಗಿಂತ ಮುಂದೆ ಹೋಗುತ್ತದೆ. ಮೂರನೆಯದು ಹೆಜ್ಜೆಗಳ ನಡುವಿನ ಅಂತರ: 2, 4, 7, 10, 10, 7, 4, 2. ಶುರುವಿನಲ್ಲಿ ಮೆಲ್ಲಗೆ, ನಡುವೆ ಬೇಗ, ಕೊನೆಗೆ ಮತ್ತೆ ಮೆಲ್ಲಗೆ. ಅದೇ 46 ಮಿ.ಮೀ.ಯನ್ನು ಎಂಟು ಸಮಪಾಲು ಮಾಡಿ ಸರಿಸಿದರೆ ಕೈ ಗಡಿಯಾರದ ಮುಳ್ಳಿನಂತೆ ಏರಿ ತಟಕ್ಕನೆ ನಿಲ್ಲುತ್ತದೆ.

ಹಾಳೆಯಲ್ಲಿ ಈ ಅಂತರಗಳನ್ನು ಬರೆಯದೆ ಸೊನ್ನೆಯಿಂದ ಒಟ್ಟು ದೂರವನ್ನು ಬರೆದಿರುವುದಕ್ಕೆ ಕಾರಣವಿದೆ. ಪ್ರತಿ ಸಲವೂ ಹಿಂದಿನ ಸ್ಥಾನದಿಂದ ಅಳೆದರೆ ಅರ್ಧ ಮಿ.ಮೀ. ತಪ್ಪು ಕೂಡುತ್ತ ಹೋಗಿ, ಎಂಟನೆಯ ಹೆಜ್ಜೆಗೆ ಕೈ 4 ಮಿ.ಮೀ.ವರೆಗೆ ಆಚೀಚೆ ಆಗಬಹುದು. ಒಂದೇ ಗುರುತಿನಿಂದ ಅಳೆದರೆ ಒಂದು ಹೆಜ್ಜೆಯ ತಪ್ಪು ಮುಂದಿನದಕ್ಕೆ ದಾಟುವುದಿಲ್ಲ.

ದಾಖಲೆಯಾಗಿ ಹಾಳೆ

ತೆಗೆದ ಪ್ರತಿ ಜೋಡಿ ಫ್ರೇಮ್‌ಗೂ ಸಾಲಿನ ಅಂಚಿನಲ್ಲಿ ಗೀಟು ಎಳೆಯುವುದು ಹಳೆಯ ಪಾಠ. ಕ್ಯಾಮೆರಾದ ಎಣಿಕೆಯಂತ್ರ 22 ತೋರಿಸುತ್ತಿದ್ದು ಹಾಳೆಯ ಗೀಟು 24ರಲ್ಲಿದ್ದರೆ, ಎಲ್ಲೋ ಒಂದು ಜೋಡಿ ತಪ್ಪಿದೆ. ಮುಂದಿನ ಮಾತೆಲ್ಲ ತುಟಿಗಿಂತ ಹಿಂದೆ ಬೀಳುತ್ತದೆ. ಕೆಲಸ ನಡುವೆ ನಿಂತಾಗ ಬರುವ ತಪ್ಪು ಇದಕ್ಕಿಂತ ಸೂಕ್ಷ್ಮ. ಊಟ ಮುಗಿಸಿ ಬಂದವರಿಗೆ ಕೈ ಎಲ್ಲಿದೆ ಎಂಬುದು ಕಾಣುತ್ತದೆ, ಯಾವ ವೇಗದಲ್ಲಿ ಹೋಗುತ್ತಿತ್ತು ಎಂಬುದು ಕಾಣುವುದಿಲ್ಲ. 10 ಮಿ.ಮೀ. ಸರಿಸಬೇಕಾದ ಕಡೆ 4 ಸರಿಸಿದರೆ ತೆರೆಯ ಮೇಲೆ ಗೊಂಬೆ ಒಂದು ಕ್ಷಣ ಅನುಮಾನಿಸಿದಂತೆ ಕಾಣುತ್ತದೆ. ತೋಳು ತಗುಲಿ ತುಂಡು ಜರುಗಿದರೂ ಮರಳಿ ಇಡಲು ಇರುವ ಆಧಾರ ಹಾಳೆಯ ಆ ಸಂಖ್ಯೆ ಮಾತ್ರ.

ಮೂರು ಆಯಾಮದ ಗೊಂಬೆಗಳಲ್ಲಿ ಈ ಭಾರ ಇನ್ನೂ ಹೆಚ್ಚು. ರೇ ಹ್ಯಾರಿಹೌಸನ್ ಅವರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ (1963) ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂವರು ನಟರೊಡನೆ ಕತ್ತಿವರಸೆ ಮಾಡುತ್ತವೆ. ತಲೆ, ಎರಡು ಕೈ, ಎರಡು ಕಾಲು ಎಂದು ಎಣಿಸಿದರೂ ಒಂದು ಫ್ರೇಮ್‌ಗೆ 35 ಚಲನೆ ಆಗಬಹುದು. ಮೊದಲೇ ತೆಗೆದ ನಟರ ದೃಶ್ಯದಲ್ಲಿ ಕತ್ತಿಗಳು ತಾಗುವ ಫ್ರೇಮ್‌ಗೆ ಗೊಂಬೆಯ ಕತ್ತಿಯೂ ಅಲ್ಲಿಗೆ ಮುಟ್ಟಿರಬೇಕು. ಈ ಭಾಗಕ್ಕೆ ಅವರಿಗೆ ನಾಲ್ಕೂವರೆ ತಿಂಗಳು ಹಿಡಿಯಿತು. ಸರಿಸುವ ಮೊದಲು ಅಂಗದ ತುದಿಗೆ ಮುಟ್ಟಿಸಿಡುವ ಸರ್ಫೇಸ್ ಗೇಜ್ ಎಂಬ ಸೂಜಿಯ ಉಪಕರಣ ಆ ಕಾಲದ ಅನಿಮೇಟರುಗಳ ಸಂಗಾತಿ: ಹಿಂದಿನ ಸ್ಥಾನವನ್ನು ಸೂಜಿ ನೆನಪಿಡುತ್ತಿತ್ತು, ಮುಂದಿನದನ್ನು ಹಾಳೆ.

ಹೆನ್ರಿ ಸೆಲಿಕ್ ನಿರ್ದೇಶಿಸಿದ ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್ಮಸ್’ (1993) ಚಿತ್ರದ ಜ್ಯಾಕ್‌ಗೆ ಸುಮಾರು 400 ಬಿಡಿ ತಲೆಗಳಿದ್ದವು. ಅಲ್ಲಿ ಮುಖದ ಅಭಿನಯವೆಂದರೆ ಯಾವ ಫ್ರೇಮ್‌ಗೆ ಯಾವ ಸಂಖ್ಯೆಯ ತಲೆ ಎಂಬ ಪಟ್ಟಿಯೇ.

ಪರದೆಗೆ ಬಂದ ಮೇಲೆ

ಹಿಂದಿನ ಫ್ರೇಮ್ ಅನ್ನು ಈಗಿನದರ ಮೇಲೆ ಮಸುಕಾಗಿ ತೋರಿಸುವ ವಿಡಿಯೊ ಸಾಧನಗಳು ಬಂದ ಮೇಲೆ ಸರ್ಫೇಸ್ ಗೇಜ್ ಮೂಲೆ ಸೇರಿತು. ಡ್ರ್ಯಾಗನ್‌ಫ್ರೇಮ್‌ನಂಥ ತಂತ್ರಾಂಶಗಳಲ್ಲಿ ಎಕ್ಸ್-ಶೀಟ್ ಒಳಗೇ ಇದೆ. ಧ್ವನಿಯ ಅಲೆ ಸಾಲುಗಳ ಪಕ್ಕದಲ್ಲೇ ಕಾಣುತ್ತದೆ, ಫ್ರೇಮ್ ಎಣಿಕೆ ತಾನಾಗಿ ಮುಂದೆ ಹೋಗುತ್ತದೆ. ಜೋಡಿ ತಪ್ಪುವ ಹಳೆಯ ದೋಷ ಇದರಿಂದ ಬಹುಮಟ್ಟಿಗೆ ಹೋಯಿತು.

ಆದರೆ ಮಸುಕು ಚಿತ್ರ ತೋರಿಸುವುದು ಆಗಿಹೋದದ್ದನ್ನು. ಅದನ್ನೇ ನೋಡುತ್ತ ಕುಳಿತವರು ಪ್ರತಿ ಸಲವೂ ಅಷ್ಟಷ್ಟೇ ಸರಿಸುತ್ತ ಹೋಗಿ, 46 ಮಿ.ಮೀ.ಯ ಸಮಪಾಲಿನ ದೋಷಕ್ಕೆ ಮತ್ತೆ ಬೀಳುತ್ತಾರೆ. ‘ಬಾ’ ಎನ್ನುವ ಹೊತ್ತಿಗೆ ಕೈ 23 ಮಿ.ಮೀ. ಎತ್ತರದಲ್ಲಿರಬೇಕು ಎಂಬುದು ಆ ಮಸುಕು ಚಿತ್ರದಲ್ಲಿ ಎಲ್ಲೂ ಇರುವುದಿಲ್ಲ. ಅದನ್ನು 21ನೆಯ ಸಾಲಿನಲ್ಲಿ ಮೊದಲೇ ಬರೆದಿಟ್ಟಿರಬೇಕು.